ಡಾಕ್ಟರಮ್ಮನಿಗೆ ದೂರದ ಮನೆ

ಫೆಬ್ರವರಿ ೨, ಭಾನುವಾರ

ನಾನು ಬರೆಯುವ ಮನುಷ್ಯನಲ್ಲ, ಮಾತಾಡುವ ಮನುಷ್ಯ. ಮನೆ ತೋರಿಸುವುದು, ಒಪ್ಪಿಸುವುದು, ಬೀಗದ ಕೈ ಕೊಡಿಸುವುದು, ಇದೇ ನನ್ನ ದಂಧೆ. ಬಾಡಿಗೆ ಕರಾರು ಬಿಟ್ಟರೆ ಬೇರೇನೂ ಬರೆದವನಲ್ಲ. ಆದರೆ ಇವತ್ತಿನ ವಿಷಯ ಯಾರ ಹತ್ತಿರವೂ ಆಡುವುದಿಲ್ಲ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೇನೆ. ದಿನವಿಡೀ ಬಾಯಿ ಬಡಿಯುವವನಿಗೆ ಬಾಯಿಗೆ ಬೀಗ ಹಾಕಿದರೆ ಅದು ಕೈಯಿಂದಾದರೂ ಸೋರಬೇಕಲ್ಲ.

ಬೆಳಿಗ್ಗೆ ಒಗೆದ ಬಟ್ಟೆ ಮಡಚುತ್ತಿದ್ದೆವು. ಇವಳು ತಲೆ ಎತ್ತದೆ ಹೇಳಿದಳು, "ನನ್ನ ಹಳೇ ರೂಮ್‌ಮೇಟ್‌ಗೆ ಈ ಊರಿಗೆ ವರ್ಗ ಆಗಿದೆ. ಅದೇ, ದನಕರು ನೋಡೋ ಡಾಕ್ಟರು. ಮನೆ ಬೇಕಂತೆ, ಹಳೇ ಪರಿಚಯದವರೊಬ್ಬರು ನಿಮ್ಮ ನಂಬರ್ ಕೊಟ್ಟು ನನಗೆ ತಿಳಿಸಿದರು. ನಿಮಗೆ ಫೋನ್ ಮಾಡ್ತಾಳೆ."

"ಮಾಡಲಿ. ನಿನ್ನ ಕಡೆಯವಳು ಅಂದ್ರೆ ಕಮಿಷನ್ ಕಡಿಮೆ ತಗೊಂಡರಾಯ್ತು."

"ಅದಕ್ಕೆ ಮುಂಚೆ ನಿಮಗೆ ಒಂದು ಹೇಳಬೇಕು. ರೂಮ್‌ಮೇಟ್ ಅಲ್ಲ ರೀ. ನಾವಿಬ್ಬರೂ ಪ್ರೀತಿ ಮಾಡ್ತಿದ್ವಿ. ಎರಡೂವರೆ ವರ್ಷ ಜೊತೆಗಿದ್ವಿ."

ಕೈಯಲ್ಲಿದ್ದ ಟವೆಲನ್ನು ಮಡಚಿದೆ. ಬಿಚ್ಚಿದೆ. ಮತ್ತೆ ಮಡಚಿದೆ.

"ಆಗ ಅಂತಲ್ಲ," ಅಂದಳು. "ನನಗೆ ಗಂಡಸರ ಮೇಲೂ ಮನಸಾಗುತ್ತೆ, ಹೆಂಗಸರ ಮೇಲೂ ಆಗುತ್ತೆ. ಮೊದಲಿಂದಲೂ ಹಾಗೇ. ಈಗಲೂ. ಬೈಸೆಕ್ಷುಯಲ್ ಅಂತಾರೆ."

ಎಲ್ಲ ಸರಿ, ಆ "ಈಗಲೂ" ಯಾಕೆ ಬೇಕಿತ್ತು?

"ಹಾಗಾದ್ರೆ ನಾನು ಯಾರು?" ಅಂದೆ.

"ನೀವು ನನ್ನ ಗಂಡ. ಇಷ್ಟಪಟ್ಟು ಮಾಡಿಕೊಂಡ ಗಂಡ. ಅದರಲ್ಲಿ ಏನೂ ಬದಲಾಗಿಲ್ಲ."

ನನ್ನ ತಲೆ ಯಾವ ದಿಕ್ಕಿಗೆ ಓಡಿತು ನೋಡಿ. "ಎಷ್ಟು ಪರ್ಸೆಂಟ್?" ಅಂತ ಕೇಳಿದೆ. "ಗಂಡಸರ ಕಡೆ ಎಷ್ಟು, ಆ ಕಡೆ ಎಷ್ಟು?"

ಇವಳು ನನ್ನ ಅಂಗಿಯನ್ನು ಉಂಡೆ ಮಾಡಿ ಬುಟ್ಟಿಗೆ ಹಾಕಿ ಎದ್ದಳು. "ಇದೇನು ಸೈಟಾ, ಪಾಲು ಹಾಕೋಕೆ?" ಬಾಗಿಲ ಹತ್ತಿರ ನಿಂತು, "ಇದನ್ನ ಯಾರಿಗೂ ಹೇಳಬೇಡಿ. ನಿಮ್ಮ ಅಕ್ಕನಿಗಂತೂ ಬೇಡ. ಹೇಳೋದು ಬಿಡೋದು ನಂದು" ಅಂದಳು.

ಒಂಬತ್ತು ವರ್ಷದ ಸಂಸಾರದಲ್ಲಿ ಗೊತ್ತಿಲ್ಲದ ಒಂದು ಮೂಲೆ ಇರಬಹುದು. ಒಂದು ಮಹಡಿಯೇ ಇದ್ದರೆ?

ಫೆಬ್ರವರಿ ೪, ಮಂಗಳವಾರ

ಇಷ್ಟು ದಿನ ನನಗೆ ಹೊಟ್ಟೆಕಿಚ್ಚಿಗೆ ಒಂದು ಮಿತಿ ಇತ್ತು. ಇವಳು ಕೆಲಸ ಮಾಡುವ, ಕಟ್ಟುಹಲ್ಲು ತಯಾರಿಸುವ ಲ್ಯಾಬಿನ ಮಾಲೀಕ, ಈಜು ಕಲಿಸುವವನು, ಎದುರು ಮನೆಯ ಗಿಟಾರ್ ಹುಡುಗ. ಮೂರು ಜನರ ಮೇಲೆ ಒಂದು ಕಣ್ಣಿಟ್ಟರೆ ಸಾಕಿತ್ತು. ಈಗ ಲ್ಯಾಬಿನ ಮಾಲೀಕನ ಹೆಂಡತಿ, ಎದುರು ಮನೆ ಹುಡುಗನ ತಾಯಿ, ಬ್ಯಾಂಕಿನ ಕೌಂಟರಿನಲ್ಲಿ ಇವಳನ್ನು ಕಂಡರೆ ಮಾತ್ರ ನಗುವ ಆ ಕನ್ನಡಕದವಳು, ಇವರನ್ನೂ ಸೇರಿಸಿಕೊಳ್ಳಬೇಕು. ಕಾವಲುಗಾರನಿಗೆ ಕೆಲಸ ದುಪ್ಪಟ್ಟಾಯಿತು, ಸಂಬಳ ಮಾತ್ರ ಅದೇ.

ಇವಳು ಕೆಲಸಕ್ಕೆ ಹೋದ ಮೇಲೆ ಹಳೆಯ ಫೋಟೋಗಳನ್ನು ತೆಗೆದು ನೋಡಿದೆ. ಒಂದರಲ್ಲಿ ಡಾಕ್ಟರಮ್ಮ ಇದ್ದಾಳೆ. ಎತ್ತರ, ಗಿಡ್ಡ ಕೂದಲು, ಭುಜದ ಮೇಲೆ ಒಂದು ಮೇಕೆಮರಿ. ಪಕ್ಕದಲ್ಲಿ ನಿಂತ ಇವಳು ಕ್ಯಾಮೆರಾ ನೋಡುತ್ತಿಲ್ಲ, ಮೇಕೆಯನ್ನೂ ನೋಡುತ್ತಿಲ್ಲ. ಈ ಫೋಟೋ ನಮ್ಮ ಮನೆಯಲ್ಲಿ ಒಂಬತ್ತು ವರ್ಷದಿಂದ ಇದೆ. ನಾನೂ ಎಷ್ಟೋ ಸಲ ನೋಡಿದ್ದೇನೆ. ಮೇಕೆ ಚೆನ್ನಾಗಿದೆ ಅಂದಿದ್ದೆ.

ಮಧ್ಯಾಹ್ನ ಫೋನ್ ಬಂತು. ದಪ್ಪ ದನಿ, ಅವಸರವಿಲ್ಲ.

"ಗುಬ್ಬಿ ಗಂಡ ಅಲ್ವಾ ನೀವು?"

ಗುಬ್ಬಿ. ನಾನು ಇಷ್ಟು ವರ್ಷ "ಲೇ" ಅಂತ ಕರೆದುಕೊಂಡು ಬಂದಿದ್ದೇನೆ.

ಫೆಬ್ರವರಿ ೭, ಶುಕ್ರವಾರ

ಮನೆ ತೋರಿಸುವುದಕ್ಕೂ ಒಂದು ಕ್ರಮ ಇದೆ. ಮೊದಲು ಸುಮಾರಾದ ಮನೆ ತೋರಿಸಬೇಕು. ಆಮೇಲೆ ಅದಕ್ಕಿಂತ ಕೆಟ್ಟದ್ದು. ಗಿರಾಕಿಯ ಮುಖ ಬಾಡಿದ ಹೊತ್ತಿಗೆ ಒಳ್ಳೆಯದರ ಬಾಗಿಲು ತೆಗೆಯಬೇಕು. ಕಿಟಕಿಗಳನ್ನು ಮುಂಚೆಯೇ ಹೋಗಿ ತೆರೆದಿಟ್ಟಿರಬೇಕು. ಗಂಡ ಹೆಂಡತಿ ಬಂದರೆ ಯಾರು ಅಡುಗೆಮನೆಯಲ್ಲಿ ನಿಲ್ಲುತ್ತಾರೋ ಅವರ ಹತ್ತಿರ ಮಾತಾಡಬೇಕು, ಯಾರು ಬಾಗಿಲಲ್ಲೇ ನಿಲ್ಲುತ್ತಾರೋ ಅವರ ಹತ್ತಿರ ಹೆಚ್ಚು ಮಾತಾಡಬೇಕು.

ಇವತ್ತು ನಾನು ಆ ಕ್ರಮವನ್ನೆಲ್ಲ ಮುರಿದೆ. ಡಾಕ್ಟರಮ್ಮನಿಗೆ ಬೇಕಿರುವುದು ನೆಲಮಹಡಿ, ಸ್ವಲ್ಪ ಅಂಗಳ. ಅವಳ ನಾಯಿಗೆ ಮೂರೇ ಕಾಲು, ಮೆಟ್ಟಿಲು ಹತ್ತುವುದಿಲ್ಲ. ಸರಿಯಾಗಿ ಅಂಥದೇ ಮನೆ ನಮ್ಮ ಹಿಂದಿನ ಬೀದಿಯಲ್ಲಿ ಖಾಲಿ ಇದೆ. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು, ಕಾರಿನಲ್ಲಿ ಕೂತಾಗ ತೊಡೆಗೆ ಚುಚ್ಚುತ್ತಿತ್ತು. ನಾನು ಕರೆದುಕೊಂಡು ಹೋಗಿದ್ದು ಕೊನೇ ಬಸ್ ಸ್ಟಾಪಿನಾಚೆ. ಒಂದು ಮನೆಯ ಪಕ್ಕ ಮರದ ಮಿಲ್ಲು, ಗರಗಸದ ಸದ್ದಿಗೆ ನಮ್ಮ ಮಾತು ನಮಗೇ ಕೇಳಿಸಲಿಲ್ಲ. ಇನ್ನೊಂದರಲ್ಲಿ ಅಂಗಳ ಇತ್ತು, ಅದರ ತುಂಬ ಇನ್ಯಾರದೋ ಮುರಿದ ಟ್ರ್ಯಾಕ್ಟರ್ ಇತ್ತು.

"ಗಾಳಿ ಚೆನ್ನಾಗಿದೆ ಇಲ್ಲಿ," ಅಂದೆ.

"ಧೂಳೂ ಚೆನ್ನಾಗಿದೆ," ಅಂದಳು. ಆಮೇಲೆ, "ಸರ್, ಊರೊಳಗೆ ಮನೆಗಳೇ ಇಲ್ವಾ, ಇಲ್ಲ ನನಗೆ ಮಾತ್ರ ಇಲ್ವಾ?"

ಹುಷಾರಿದ್ದಾಳೆ. ನಕ್ಕು ಮಾತು ತೇಲಿಸಿದೆ. ಕೆಟ್ಟವಳಾಗಿದ್ದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು. ನಾಯಿ ನನ್ನ ಕೈ ನೆಕ್ಕಿತು. ಅದಕ್ಕೂ ಬುದ್ಧಿ ಇಲ್ಲ.

ಫೆಬ್ರವರಿ ೯, ಭಾನುವಾರ

ಅಕ್ಕ ಬಂದಿದ್ದಳು. ಅವಳಿಗೆ ಊರಿನವರ ಸಂಸಾರವೆಲ್ಲ ಬೇಕು. ಯಾರದೋ ಹೆಂಡತಿ ಆಫೀಸಿನ ಯಾರ ಜೊತೆಗೋ ಓಡಾಡುತ್ತಾಳಂತೆ. ಅದನ್ನೆಲ್ಲ ಹೇಳಿ ಮುಗಿಸಿ, "ನೀನು ಪುಣ್ಯವಂತ ಕಣೋ. ನಿನ್ನ ಹೆಂಡತಿ ಯಾರ ಜೊತೆ ಸಿನಿಮಾಕ್ಕೆ ಹೋದರೂ ಹೆಂಗಸರ ಜೊತೆನೇ. ಕಾಲು ಚಾಚಿಕೊಂಡು ಮಲಗಬಹುದು" ಅಂದಳು.

ನಾನು ಜೋರಾಗಿ ನಕ್ಕೆ. ಬೇರೇನು ಮಾಡಲಿ? ಇವಳು ಸಿಂಕಿನ ಹತ್ತಿರ ಲೋಟ ತೊಳೆಯುತ್ತಿದ್ದಳು, ಬೆನ್ನು ನಮ್ಮ ಕಡೆ. ನಲ್ಲಿ ನೀರು ಸುಮ್ಮನೆ ಹರಿಯುತ್ತಲೇ ಇತ್ತು.

ಅಕ್ಕ ಹೋದ ಮೇಲೆ ಇವಳು ಬಂದು ಕೂತಳು. "ಯಾವಾಗಲೂ ಹೀಗೇ ರೀ. ನನ್ನ ಬಗ್ಗೆ ಮಾತಾಡ್ತಾರೆ, ಆ ಮಾತಲ್ಲಿ ನಾನೇ ಇರಲ್ಲ. ಎಲ್ಲರೂ ನಗುವಾಗ ನಾನೂ ನಗಬೇಕು. ಇವತ್ತು ನೀವಾದರೂ ನಗಲ್ಲ ಅಂದುಕೊಂಡಿದ್ದೆ."

"ನಗದೇ ಇದ್ದಿದ್ದರೆ ಅಕ್ಕನಿಗೆ ಅನುಮಾನ ಬರ್ತಿತ್ತು."

"ಗೊತ್ತು. ನಿಮ್ಮದು ತಪ್ಪು ಅಂತಿಲ್ಲ. ನನಗೆ ಹೇಗಾಯ್ತು ಅಂತ ಹೇಳಿದೆ, ಅಷ್ಟೇ."

ತಪ್ಪಿಲ್ಲ ಅಂದ ಮೇಲೂ ತಪ್ಪು ಮಾಡಿದ ಹಾಗೆ ಅನಿಸುವುದು ಯಾವ ಲೆಕ್ಕ?

ಫೆಬ್ರವರಿ ೧೧, ಮಂಗಳವಾರ

ಇವತ್ತು ನಾನು ದೊಡ್ಡ ಮನಸ್ಸು ಮಾಡಿದೆ. ಅಥವಾ ಹಾಗಂದುಕೊಂಡೆ.

ಲ್ಯಾಬಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ಮೇಜಿನ ತುಂಬ ಗುಲಾಬಿ ಮೇಣದ ವಸಡುಗಳು, ಅವುಗಳಲ್ಲಿ ಇವಳು ಒಂದೊಂದೇ ಹಲ್ಲು ಕೂರಿಸುತ್ತಿದ್ದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ನಾಲ್ಕು ದಿನದಿಂದ ಬಾಯಲ್ಲಿ ಹೊರಳಾಡುತ್ತಿದ್ದ ಮಾತನ್ನು ಆಡಿಯೇಬಿಟ್ಟೆ. "ಬೇಕಿದ್ರೆ ಒಂದು ಸಲ ಹೋಗಿ ಬಾ. ಅವಳ ಹತ್ತಿರವೇ ಆದರೂ ಸರಿ. ಮುಗಿಸಿಕೊಂಡು ಬಾ. ನಾನು ಒಂದು ಮಾತೂ ಕೇಳಲ್ಲ."

ಹೇಳಿ ಮುಗಿಸಿದಾಗ ಎದೆ ಉರಿಯುತ್ತಿತ್ತು, ಆದರೂ ಮುಖದಲ್ಲಿ ಔದಾರ್ಯ ಇಟ್ಟುಕೊಂಡಿದ್ದೆ. ಇವಳು ಕೈಯಲ್ಲಿದ್ದ ಬಾಚಿಹಲ್ಲನ್ನು ಕೆಳಗಿಟ್ಟಳು.

"ನಾನು ಅದನ್ನ ಕೇಳಿದ್ನಾ?"

"ಇಲ್ಲ. ಆದರೆ ಇಂಥದ್ದು ಹೇಳೋದು ಅದಕ್ಕೇ ತಾನೇ?"

"ನಿಮಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ನಾನು ಮನೆ ಖಾಲಿ ಮಾಡ್ತೀನಿ ಅಂತ ನೋಟಿಸ್ ಕೊಟ್ಟಿಲ್ಲ. ಈ ಮನೇಲಿ ವಾಸ ಮಾಡ್ತಿರೋದು ಯಾರು ಅಂತ ಹೇಳಿದೆ."

ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದೆ.

"ನಿಮಗೆ ಹೆಂಗಸರು ಇಷ್ಟ. ಮದುವೆ ಆದ ಮೇಲೆ ಬೇರೆ ಹೆಂಗಸರು ಕಣ್ಣಿಗೆ ಬೀಳೋದು ನಿಂತುಹೋಯ್ತಾ?"

"ಅದು..."

"ನಿಂತಿಲ್ಲ. ನನಗೆ ಗೊತ್ತು, ನೀವು ಮೆಡಿಕಲ್ ಶಾಪಿಗೆ ಯಾಕೆ ಅಷ್ಟು ಸಲ ಹೋಗ್ತೀರ ಅಂತ. ಅವರೆಲ್ಲರ ಜೊತೆ ಒಂದೊಂದು ಸಲ ಹೋಗಿ ಬಂದರೆ ನಿಮಗೆ ಮುಗಿಯುತ್ತಾ? ನಾನು ನಿಮಗೆ ಹಾಗೆ ಪರ್ಮಿಷನ್ ಕೊಟ್ಟರೆ ಹೇಗಿರುತ್ತೆ? ಬೇರೆ ದಂಪತಿಗಳು ಬೇರೆ ಥರ ಒಪ್ಪಿಕೊಂಡಿರಬಹುದು, ಅದು ಅವರಿಷ್ಟ. ನಾನು ನಿಮಗೆ ಕೊಟ್ಟ ಮಾತು ಒಬ್ಬರಿಗೇ ಒಬ್ಬರು ಅಂತ. ಗಂಡಸರಿಗೆ ಎಷ್ಟು ಅನ್ವಯಿಸುತ್ತೋ ಹೆಂಗಸರಿಗೂ ಅಷ್ಟೇ."

ಡಬ್ಬಿ ಇಟ್ಟು ಬಂದೆ. ಮೆಡಿಕಲ್ ಶಾಪಿನ ಮುಂದೆ ಹಾದುಹೋಗುವಾಗ ತಲೆ ತಗ್ಗಿಸಿಕೊಂಡೆ.

ಫೆಬ್ರವರಿ ೧೨, ಬುಧವಾರ

ಗುಬ್ಬಿ ಅಂತ ಯಾಕೆ ಕರೆಯುತ್ತಿದ್ದಳು? ಕೇಳಬಾರದು ಅಂದುಕೊಂಡಿದ್ದೇನೆ. ಕೇಳುವುದಿಲ್ಲ.

ಫೆಬ್ರವರಿ ೧೫, ಶನಿವಾರ

ಸಿಕ್ಕಿಬಿದ್ದೆ.

ಡಾಕ್ಟರಮ್ಮ ಇವಳಿಗೆ ಫೋನ್ ಮಾಡಿದ್ದಳಂತೆ, ಇಷ್ಟು ವರ್ಷಕ್ಕೆ ಮೊದಲ ಸಲ. "ನಿನ್ನ ಗಂಡ ನನ್ನನ್ನ ಊರಿಂದ ಗಡೀಪಾರು ಮಾಡ್ತಿದ್ದಾರೆ" ಅಂತ ನಗುತ್ತಾ ಹೇಳಿದಳಂತೆ. ಇವಳಿಗೆ ಹಿಂದಿನ ಬೀದಿಯ ಮನೆ ಗೊತ್ತು, ಅದರ ಕಿಟಕಿಗಳಿಗೆ ಬಣ್ಣ ಹೊಡೆಸಿದ್ದು ನಾನೇ ಅಂತಲೂ ಗೊತ್ತು.

ಕಾರಿನಲ್ಲಿ ಹೋಗುತ್ತಿದ್ದಾಗ ಮಾತು ತೆಗೆದಳು. ಜಗಳಕ್ಕೆ ಕಾರು ಒಳ್ಳೆಯ ಜಾಗ, ಇಬ್ಬರೂ ಮುಂದೆ ನೋಡಿಕೊಂಡಿರಬಹುದು.

"ನನ್ನ ಮೇಲೆ ನಂಬಿಕೆ ಇಲ್ಲ ಅಂತ ಬಾಯಿಬಿಟ್ಟು ಹೇಳಿ. ಅವಳ ನಾಯಿಗೆ ಯಾಕೆ ಶಿಕ್ಷೆ?"

"ನಂಬಿಕೆ ಇದೆ. ಹೊಟ್ಟೆ ಉರೀತಿದೆ. ಎರಡೂ ಬೇರೆ ಬೇರೆ." ಇದು ಎಲ್ಲಿಂದ ಬಂತೋ, ಆದರೆ ಹೇಳಿದ ಮೇಲೆ ಸರಿಯಾಗೇ ಇದೆ ಅನಿಸಿತು.

ಇವಳಿಗೂ ಅನಿಸಿರಬೇಕು. ದನಿ ಇಳಿಯಿತು. "ಹೊಟ್ಟೆ ಉರಿದರೆ ಉರೀತಿದೆ ಅಂತ ಹೇಳಿ. ನಾನು ಕೇಳಿಸ್ಕೋತೀನಿ. ಬೀಗದ ಕೈ ಬಚ್ಚಿಡಬೇಡಿ."

ಆಮೇಲೆ ಒಂದು ಕರಾರು ಆಯಿತು. ಕರಾರು ಅಂದರೆ ನನಗೂ ಹುರುಪು. ಒಬ್ಬರು ಒಂದು ಪ್ರಶ್ನೆ ಕೇಳುವುದು, ಇನ್ನೊಬ್ಬರು ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕುವಂತಿಲ್ಲ. ತಕ್ಷಣ ಉತ್ತರ ಬರದಿದ್ದರೆ "ಆಮೇಲೆ" ಅನ್ನಬಹುದು, ಆದರೆ ನುಂಗಿಹಾಕುವಂತಿಲ್ಲ. ಹಾಸಿಗೆಯಲ್ಲಿ ಬೇಡ, ಹಸಿದಾಗ ಬೇಡ. ಹಳೆಯ ವಿಷಯದಲ್ಲಿ ನಾನು ತಿಳಿಯಬೇಕಾದದ್ದು ಎಷ್ಟು, ಕೆದಕುತ್ತಿರುವುದು ಎಷ್ಟು ಅಂತ ಕೇಳುವ ಮುಂಚೆ ನಾನೇ ಯೋಚಿಸಬೇಕು. ಕೊನೆಯದು ಇವಳು ಹಾಕಿದ ಷರತ್ತು, ನಾನು ತುಂಬ ಚೌಕಾಸಿ ಮಾಡಿದೆ, ಬಿಟ್ಟುಕೊಡಲಿಲ್ಲ.

ನಾನು ಕೇಳಿದೆ, "ಅವಳು ಈಗಲೂ ಇಷ್ಟಾನಾ?"

ಇವಳು ಕಿಟಕಿಯ ಗಾಜು ಇಳಿಸಿದಳು. "ಆ ಥರ ಅಲ್ಲ. ಅವಳನ್ನ ನೋಡೋಕೆ ಭಯ. ನಿಮ್ಮನ್ನ ಮದುವೆ ಆಗ್ತೀನಿ ಅಂದಾಗ ಅವಳು ಮುಖ ತಿರುಗಿಸಿಕೊಂಡಳು. ಆಗ ನಮ್ಮ ಥರದವರದ್ದೇ ಒಂದು ಗುಂಪಿತ್ತು, ಅವರೆಲ್ಲ, 'ಇಷ್ಟು ದಿನ ನಾಟಕ ಆಡಿದೆ, ಈಗ ಸುಲಭದ ದಾರಿ ಸಿಕ್ಕಿತು, ಹೋಗು' ಅಂದರು. ಅವಳನ್ನ ಬಿಟ್ಟು ಒಂದು ವರ್ಷ ಆದ ಮೇಲೆ ನೀವು ಸಿಕ್ಕಿದ್ದು, ಆದರೂ. ಅವರ ಕಣ್ಣಿಗೆ ನಾನು ಓಡಿಹೋದವಳು. ನಿಮ್ಮ ಅಕ್ಕನ ಕಣ್ಣಿಗೆ ನಾನು ಎಲ್ಲರ ಥರ. ನಿಮ್ಮ ಕೈ ಹಿಡಿದುಕೊಂಡು ರಸ್ತೇಲಿ ನಡೆದರೆ ಸಾಕು, ಅರ್ಧ ನಾನು ಯಾರಿಗೂ ಕಾಣಲ್ಲ. ನಿಮ್ಮ ಕೈ ಹಿಡಿಯೋದು ನನಗಿಷ್ಟ, ಅದೇ ಕಷ್ಟ."

ಮಧ್ಯೆ ಬಾಯಿ ಹಾಕದೆ ಇರುವುದಕ್ಕೆ ಸ್ಟೇರಿಂಗ್ ಹಿಂಡಿದೆ.

ಇವಳ ಪಾಳಿ ಬಂತು. "ನಾನು ಹೇಳಿದ ದಿನದಿಂದ ನೀವು ಹೆದರಿದ್ದೀರ, ಕಾವಲು ಕಾಯ್ತಿದ್ದೀರ. ಸರಿ. ಆದರೆ ನಂಬಿದ್ರಾ? ಇದು ನಿಜ, ಇದು ನಾನು ಅಂತ?"

"ಆಮೇಲೆ," ಅಂದೆ.

ಫೆಬ್ರವರಿ ೧೬, ಭಾನುವಾರ

ಇವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ನಡುವೆ ನಮ್ಮ ಆರು ವರ್ಷದ ಮಗಳು ಚಿತ್ರ ಬರೆದು ತೋರಿಸಿದಳು, ಮೂವರೂ ಒಂದೇ ಎತ್ತರ ಇದ್ದೇವೆ.

ಫೆಬ್ರವರಿ ೨೦, ಗುರುವಾರ

ಹಿಂದಿನ ಬೀದಿಯ ಮನೆಯನ್ನು ಡಾಕ್ಟರಮ್ಮನಿಗೆ ತೋರಿಸಿದೆ. ಕಿಟಕಿಗಳನ್ನು ಮುಂಚೆ ಹೋಗಿ ತೆರೆದಿಡಲಿಲ್ಲ, ಅಷ್ಟರಮಟ್ಟಿಗೆ ನನ್ನ ಹಟ ಉಳಿಸಿಕೊಂಡೆ. ಪ್ರಯೋಜನ ಆಗಲಿಲ್ಲ. ನಾಯಿ ನೇರ ಅಂಗಳಕ್ಕೆ ಹೋಗಿ ಬಿಸಿಲು ಬಿದ್ದಿದ್ದ ಜಾಗದಲ್ಲಿ ಮೈ ಚೆಲ್ಲಿತು. ಗಿರಾಕಿ ಒಪ್ಪುವ ಮುಂಚೆ ಮೈ ಚೆಲ್ಲುವ ನಾಯಿ ಇದ್ದರೆ ಬ್ರೋಕರಿಗೆ ಕೆಲಸವೇ ಇಲ್ಲ.

ಅವಳು ಅಡುಗೆಮನೆ ನೋಡಿ ಬಂದು ಅಂಗಳದ ಕಟ್ಟೆಯ ಮೇಲೆ ಕೂತಳು. "ಗುಬ್ಬಿ ನಿಮಗೆ ಹೇಳಿದ್ದಾಳಂತೆ, ಫೋನಲ್ಲಿ ಅಂದಳು."

"ಹೇಳಿದ್ದಾಳೆ."

"ತಲೆ ಕೆಡಿಸ್ಕೋಬೇಡಿ ಸರ್. ನಿಮ್ಮ ಮುಖ ನೋಡಿದ ದಿನವೇ ಗೊತ್ತಾಯ್ತು ನನಗೆ, ನಿಮಗೆ ನಿದ್ದೆ ಇಲ್ಲ ಅಂತ. ಅವಳು ಹಾಗಲ್ಲ. ಒಂದು ವಯಸ್ಸಲ್ಲಿ ಏನೋ ಒಂದು ಕುತೂಹಲ ಇತ್ತು, ನಾನು ಸಿಕ್ಕೆ, ಅಷ್ಟೇ. ಆಮೇಲೆ ಗಂಡಸು ಸಿಕ್ಕಿದ, ಮದುವೆ ಆದಳು. ನಿಜವಾಗಿ ಹಾಗಿರೋರು ಯಾರೂ ಹಾಗೆ ಹೋಗಲ್ಲ."

ಇದಕ್ಕಿಂತ ಒಳ್ಳೆಯ ಮಾತು ನನಗೆ ಎಲ್ಲಿ ಸಿಗುತ್ತಿತ್ತು? ಎರಡು ವಾರದಿಂದ ಇದನ್ನೇ ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದೆ. ಎದುರು ಪಾರ್ಟಿ ತಾನಾಗಿಯೇ ಬಂದು ಹಕ್ಕು ಬಿಟ್ಟುಕೊಡುತ್ತಿದೆ. ಹೂಂ ಅಂದು ಬೀಗದ ಕೈ ಕೊಟ್ಟು ಬಂದಿದ್ದರೆ ಆಗಿತ್ತು.

"ಇಲ್ಲ ಡಾಕ್ಟರಮ್ಮ," ಅಂದೆ. "ಅದು ಹಾಗಲ್ಲ."

"ಅಂದ್ರೆ?"

"ಎರಡೂವರೆ ವರ್ಷ ನಾಟಕ ಆಡೋಕೆ ಅವಳಿಗೆ ಬರಲ್ಲ. ನಾನು ಮಾಡಿದ ಸಾರು ಚೆನ್ನಾಗಿದೆ ಅಂತ ಒಂದು ಸಲ ಸುಳ್ಳು ಹೇಳೋಕೂ ಬರಲ್ಲ. ಅವಳಿಗೆ ನೀವು ಇಷ್ಟ ಇದ್ರಿ. ಆಮೇಲೆ ನಾನು ಇಷ್ಟ ಆದೆ. ಅದಕ್ಕೆ ನಿಮ್ಮದು ಸುಳ್ಳಾಗಲ್ಲ, ನನ್ನದೂ ಸುಳ್ಳಾಗಲ್ಲ. ನೀವು ಒಂದು ಕಡೆ ನಾಟಕ ಅಂತೀರ, ನಮ್ಮ ಕಡೆಯವರು ಇನ್ನೊಂದು ಕಡೆ ಇಂಥದ್ದು ಇದೆ ಅಂತ್ಲೇ ಗೊತ್ತಿಲ್ಲದೆ ನಗ್ತಾರೆ. ಅವಳು ಎಲ್ಲಿ ನಿಂತ್ಕೋಬೇಕು?"

ದನಿ ಏರಿತ್ತು ಅಂತ ಕಾಣುತ್ತದೆ. ನಾಯಿ ತಲೆ ಎತ್ತಿ ನೋಡಿತು.

ಡಾಕ್ಟರಮ್ಮ ಅದನ್ನು ಹತ್ತಿರ ಕರೆದು ಕಿವಿ ಸವರಿದಳು. ಆಮೇಲೆ, "ನಾಟಕ ಅಂದುಕೊಂಡರೆ ಮರೆಯೋದು ಸುಲಭ ಇತ್ತು ಸರ್" ಅಂದಳು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡಳು, ಕಣ್ಣನ್ನೂ. ಮನೆ ಬೇಕು ಅಂದಳು.

ಏನು ಮಾಡಿಬಿಟ್ಟೆ ಅಂತ ಹೊಳೆದದ್ದು ಕಾರಿಗೆ ಬಂದು ಕೂತ ಮೇಲೆ. ನನ್ನಂಥ ಮೂರ್ಖ ಬ್ರೋಕರ್ ಇನ್ನೊಬ್ಬನಿಲ್ಲ. ಅವಳು ಪ್ರೀತಿ ಸಿಗಲಿಲ್ಲ ಅಂದುಕೊಂಡು ಸುಮ್ಮನಿದ್ದಳು. ನಾನೇ ಕೂರಿಸಿಕೊಂಡು, ಇಲ್ಲಮ್ಮ, ಸಿಕ್ಕಿತ್ತು ಅಂತ ವಾದ ಮಾಡಿ ಒಪ್ಪಿಸಿ, ಹಿಂದಿನ ಬೀದಿಯಲ್ಲೇ ಮನೆ ಕೊಟ್ಟು ಬಂದಿದ್ದೇನೆ.

ಫೆಬ್ರವರಿ ೨೨, ಶನಿವಾರ

ಇವಳು ಬೆಳಿಗ್ಗೆ ಡಾಕ್ಟರಮ್ಮನನ್ನು ನೋಡಿ ಬರುತ್ತೇನೆ ಅಂದಳು. ಕೇಳುತ್ತಿಲ್ಲ, ಹೇಳುತ್ತಿದ್ದೇನೆ ಅಂತಲೂ ಅಂದಳು. "ಹೊಟ್ಟೆ ಉರೀತಿದೆ," ಅಂದೆ, ಕರಾರಿನ ಪ್ರಕಾರ. "ಗೊತ್ತು," ಅಂತ ತಲೆಗೂದಲು ಕೆದರಿ ಹೋದಳು.

ಹೋಗಿ ಬರುವ ತನಕ ನಾನು ಫ್ರಿಜ್ ಒರೆಸಿದೆ. ಒಳಗೆ, ಹೊರಗೆ, ಹಿಂದೆ.

ಬಂದಾಗ ಕಣ್ಣು ಕೆಂಪಾಗಿತ್ತು, ಮುಖ ತಿಳಿಯಾಗಿತ್ತು. "ಅವಳು ಕ್ಷಮೆ ಕೇಳಿದಳು. ನೀವು ಹೇಳಿದ್ದನ್ನೆಲ್ಲ ಹೇಳಿದಳು."

"ಬಾಯಿ ತಪ್ಪಿ ಬಂತು."

"ಬಾಯಿ ತಪ್ಪಿ ಬರೋ ಮಾತಲ್ಲ ಅದು. ಕಾರಲ್ಲಿ 'ಆಮೇಲೆ' ಅಂದಿದ್ರಲ್ಲ, ಅದಕ್ಕೆ ಉತ್ತರ." ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆ ತೆಗೆದು ಪಕ್ಕಕ್ಕಿಟ್ಟು ಬೆರಳುಗಳನ್ನು ಹಿಡಿದುಕೊಂಡಳು. "ನಾನು ಇಲ್ಲದ ಕಡೆ ನನ್ನ ಪರವಾಗಿ ಯಾರೂ ಹಾಗೆ ಮಾತಾಡಿರಲಿಲ್ಲ ರೀ. ಆದರೆ ಇನ್ನೊಂದು. ಅವಳಿಗೆ ಮೊದಲೇ ಗೊತ್ತಿತ್ತು, ಸರಿ. ಬೇರೆ ಯಾರ ಹತ್ತಿರ ಆದರೂ ನನ್ನನ್ನ ಕೇಳಿಯೇ ಬಾಯಿ ತೆಗೀಬೇಕು."

"ಅಕ್ಕನ ಹತ್ತಿರ?"

"ಒಂದಿನ ನಾನೇ ಹೇಳ್ತೀನಿ. ನೀವು ಪಕ್ಕದಲ್ಲಿ ಕೂತಿರಿ. ನಗಬೇಡಿ, ಸಾಕು."

ನಾನು ಒಂದು ಗಳಿಗೆ ತಡೆದುಕೊಂಡೆ. ಆಮೇಲೆ ಕೇಳಿಯೇಬಿಟ್ಟೆ. "ಗುಬ್ಬಿ ಯಾಕೆ?"

ಇವಳು ನನ್ನನ್ನೇ ನೋಡಿದಳು. "ಇದು ತಿಳಿಯಬೇಕಾದದ್ದಾ, ಕೆದಕೋದಾ?"

"ಕೆದಕೋದು."

"ಹಾಗಾದ್ರೆ ಹೇಳಲ್ಲ," ಅಂತ ನಗುತ್ತಾ ಒಳಗೆ ಹೋದಳು.

ಮಾರ್ಚ್ ೫, ಬುಧವಾರ

ಕೆಲಸ ಜಾಸ್ತಿ, ಬರೆಯಲು ಹೊತ್ತಾಗುತ್ತಿಲ್ಲ. ಇವತ್ತಿನದು ಮಾತ್ರ ಬರೆದಿಡುತ್ತೇನೆ.

ಇಬ್ಬರೂ ಕರೆಂಟ್ ಬಿಲ್ ಆಫೀಸಿನ ಕ್ಯೂನಲ್ಲಿ ನಿಂತಿದ್ದೆವು. ಉದ್ದದ ಕ್ಯೂ, ಫ್ಯಾನ್ ತಿರುಗುತ್ತಿರಲಿಲ್ಲ. ನೀಲಿ ಅಂಗಿಯ ಹೆಂಗಸೊಬ್ಬಳು ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಗೆ ಬಂದಳು. ಬಾಚಿರದ ಕೂದಲು, ನೇರ ನಡಿಗೆ, ಕೌಂಟರಿನಲ್ಲಿ ಕೇಳಬೇಕಾದ್ದನ್ನು ಕೇಳಿ ಹೋದಳು. ಇವಳು ಒಂದೇ ಒಂದು ಕ್ಷಣ ನೋಡಿದಳು. ನಾನು ಇವಳನ್ನು ನೋಡಿದೆ.

ತಗ್ಗಿದ ದನಿಯಲ್ಲಿ ಕೇಳಿದೆ, "ಚೆನ್ನಾಗಿದ್ದಾಳೆ ಅಲ್ವಾ?"

ಇವಳ ಕಿವಿ ಕೆಂಪಾಯಿತು. ನಮ್ಮ ಮದುವೆಗೆ ಮುಂಚೆ ನೋಡಿದ್ದು ಆ ಕೆಂಪು. "ಚೆನ್ನಾಗಿದ್ದಾಳೆ," ಅಂದಳು. "ಶೂ ಮಾತ್ರ ಚೆನ್ನಾಗಿಲ್ಲ."

"ಶೂ ನಾನು ನೋಡಲಿಲ್ಲ."

"ನೀವು ಎಲ್ಲಿ ಶೂ ನೋಡ್ತೀರ," ಅಂದಳು, ಅಂದು ನಗಲು ಶುರು ಮಾಡಿದಳು. ತಡೆದುಕೊಳ್ಳಲಾಗದೆ ನನ್ನ ತೋಳಿಗೆ ಹಣೆ ಒತ್ತಿ ನಕ್ಕಳು. ಮುಂದೆ ನಿಂತಿದ್ದ ಮುದುಕ ತಿರುಗಿ ನೋಡಿದ. ಗಂಡ ಹೆಂಡತಿ ಏನೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿರಬೇಕು. ಅವನಿಗೆ ಕಂಡದ್ದು ಅಷ್ಟೇ.

ಹೊಟ್ಟೆ ಉರಿಯಿತೇ ಅಂದರೆ, ಉರಿಯಿತು. ಆ ಶೂ ಕೆಟ್ಟದಾಗಿದ್ದದ್ದಕ್ಕೆ ಒಳಗೊಳಗೇ ಖುಷಿಯೂ ಆಯಿತು. ಯಾರನ್ನಾದರೂ ಹಾಗೆ ಮೆಚ್ಚಿ ನೋಡುವಾಗ ಇವಳು ಹೇಗೆ ಕಾಣುತ್ತಾಳೆ ಅನ್ನುವುದು ಆ ಉದ್ದದ ಕ್ಯೂನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅದನ್ನು ಇನ್ಯಾರಿಗೂ ಬಿಟ್ಟುಕೊಡುವ ಮನಸ್ಸಿಲ್ಲ.

ಹಿಂದಿನ ಬೀದಿಯಲ್ಲಿ ಇನ್ನೊಬ್ಬಳಿಗೆ ಗೊತ್ತು. ಅದಕ್ಕೂ ಹೊಟ್ಟೆ ಉರಿಯುತ್ತಿದೆ ಅಂತ ನಾಳೆ ಇವಳಿಗೆ ಹೇಳಬೇಕು.